ಸೊಸೆಯ ಪತ್ರ, ಮನೆಯ ಲೆಕ್ಕ

ಹೊಸ ಸೊಸೆ ಬಂದ ಎರಡು ಮೂರು ತಿಂಗಳಿಗೆ ಮನೆಯ ಹಣಕಾಸಿನಲ್ಲಿ ಒಂದು ಮಂಜು ಕವಿಯುತ್ತದೆ. ಸಿಲಿಂಡರಿನ ದುಡ್ಡನ್ನು ಅವಳು ಫೋನಿನಲ್ಲೇ ಕಟ್ಟಿರುತ್ತಾಳೆ, ಅತ್ತೆಗೆ ಅದು ತಿಳಿದಿರುವುದಿಲ್ಲ. ಸೊಪ್ಪಿನವಳಿಗೆ, ಹೂವಿನವಳಿಗೆ ಅತ್ತೆ ದಿನಾ ಕೊಡುವ ಚಿಲ್ಲರೆ ಕೆಲಸಕ್ಕೆ ಹೋಗುವ ಸೊಸೆಯ ಕಣ್ಣಿಗೆ ಬೀಳುವುದಿಲ್ಲ. ಕರೆಂಟು, ನೀರು ಮಾವನ ಪಾಲು. ಮಗ ದಿನಸಿ ತಂದು ಚೀಟಿ ಎಲ್ಲೋ ಇಟ್ಟಿರುತ್ತಾನೆ. ನಾಲ್ಕು ಕೈಗಳಿಂದ ಹಣ ಹೋಗುತ್ತಿರುತ್ತದೆ, ತಾನೇ ಹೆಚ್ಚು ಕೊಡುತ್ತಿದ್ದೇನೆಂದು ಎಲ್ಲರಿಗೂ ಅನಿಸುತ್ತಿರುತ್ತದೆ.

ಈ ಮಾತನ್ನು ಊಟದ ಹೊತ್ತಿಗೆ ಎತ್ತಿದರೆ ಹಣಕ್ಕಿಂತ ದನಿಯೇ ಮುಂದೆ ನಿಲ್ಲುತ್ತದೆ. ಅದೇ ಕಾಗದದಲ್ಲಿ ಬರೆದು ಕೊಟ್ಟರೆ ಮಾವ ಒಮ್ಮೆ, ಅತ್ತೆ ಒಮ್ಮೆ ಓದಿ, ತಮ್ಮಷ್ಟಕ್ಕೆ ಯೋಚಿಸಿ ಉತ್ತರ ಕೊಡಬಹುದು. ಗಂಡ ಅದನ್ನು ಮೊದಲೇ ಓದಿ ಒಪ್ಪಿರಬೇಕು. ಅಪ್ಪ ಅಮ್ಮನ ಎದುರು ಅವನಿಗೂ ಅದು ಹೊಸ ಸುದ್ದಿಯಾದರೆ ಪತ್ರ ಅಲ್ಲಿಗೇ ಕೆಟ್ಟಿತು.

ಮೈಸೂರಿನ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಮಾವನಿಗೆ ತಿಂಗಳಿಗೆ 30,000 ರೂಪಾಯಿ ಪಿಂಚಣಿ, ಮಗನ ಸಂಬಳ 39,000, ಸೊಸೆಯದು 27,000. ಅತ್ತೆ ಮನೆ ನೋಡಿಕೊಳ್ಳುತ್ತಾರೆ. ಆ ಸೊಸೆಯ ಪತ್ರ ಹೀಗೆ ಶುರುವಾಗಬಹುದು:

“ಪೂಜ್ಯ ಅತ್ತೆ ಮಾವನವರಿಗೆ ನಮಸ್ಕಾರಗಳು. ಅತ್ತೆ, ಹಾಲಿನ ಲೆಕ್ಕವನ್ನು ನೀವು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಡುವುದನ್ನು ನೋಡುತ್ತಿದ್ದೇನೆ. ತಿಂಗಳ ಕೊನೆಗೆ ಅದರಲ್ಲಿ ಒಂದು ಪ್ಯಾಕೆಟ್ಟೂ ಹೆಚ್ಚುಕಡಿಮೆ ಆಗುವುದಿಲ್ಲ. ಉಳಿದ ಖರ್ಚನ್ನೂ ಹಾಗೇ ಬರೆದಿಡೋಣವೇ ಎಂದು ಕೇಳಲು ಈ ಪತ್ರ. ಬರುವ ತಿಂಗಳು ಒಂದನೇ ತಾರೀಖಿನಿಂದ ಶುರು ಮಾಡೋಣ. ಮೊದಲ ವಾರ ನನ್ನ ಖರ್ಚನ್ನು ಮಾತ್ರ ನಾನು ಬರೆಯುತ್ತೇನೆ, ನೋಡಿ ಸರಿ ಅನಿಸಿದರೆ ನೀವೂ ಬರೆಯಿರಿ.”

ಮನೆಯಲ್ಲಿ ಆಗಲೇ ಇರುವ ಪದ್ಧತಿಯಿಂದ ಹೊರಟಿರುವುದು, ಬರೆಯುವ ಹೊರೆಯನ್ನು ಸೊಸೆ ಮೊದಲು ತನ್ನ ಮೇಲೆ ಹಾಕಿಕೊಂಡಿರುವುದು ಇಲ್ಲಿ ಮುಖ್ಯ. ಹಿಂದಿನ ತಿಂಗಳುಗಳ ಸುದ್ದಿಗೆ ಅವಳು ಹೋಗಿಲ್ಲ. ಹಳೆಯ ಖರ್ಚು ಕೆದಕಿದರೆ ಲೆಕ್ಕ ತನಿಖೆಯಾಗುತ್ತದೆ, ಮೂವತ್ತು ವರ್ಷ ಮನೆ ನಡೆಸಿದವರಿಗೆ ನೋವಾಗುತ್ತದೆ.

ಮುಂದಿನ ಭಾಗ ಯಾವುದು ಲೆಕ್ಕದ ಒಳಗೆ, ಯಾವುದು ಹೊರಗೆ ಎಂಬುದು. ಪ್ರತಿಯೊಬ್ಬರೂ ಆದಾಯದ ಮೂರನೇ ಒಂದು ಭಾಗ ಕೊಡುವುದೆಂದರೆ ಮಾವ 10,000, ಮಗ 13,000, ಸೊಸೆ 9,000, ಒಟ್ಟು 32,000. ಸಮಪಾಲಿಗಿಂತ ಇದು ನ್ಯಾಯ, ಕಡಿಮೆ ಸಂಬಳದವರ ಮೇಲೆ ಭಾರ ಬೀಳುವುದಿಲ್ಲ. ಅತ್ತೆಯ ಹೆಸರಿನ ಮುಂದೆ ಸೊನ್ನೆ ಬರೆಯುವ ಕಾಲಮ್ಮು ಪುಸ್ತಕದಲ್ಲಿ ಇರಲೇಬಾರದು. ಅವರ ದುಡಿಮೆಗೆ ಚೀಟಿ ಸಿಗುವುದಿಲ್ಲ ಅಷ್ಟೇ. ಹಣದ ಡಬ್ಬಿ ಅವರ ಕೈಯಲ್ಲೇ ಇರಲಿ.

2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲೇ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ಅತ್ತೆಗೆ ಅದು ಬರುತ್ತಿದ್ದರೆ ಅವರದೇ ಹಣವೆಂದು ಪತ್ರ ಸ್ಪಷ್ಟವಾಗಿ ಬರೆಯಬೇಕು. ಸಾಸಿವೆ ಡಬ್ಬಿಯಲ್ಲಿ ಉಳಿಸಿಟ್ಟದ್ದೂ ಅವರದೇ. ಸೊಸೆಯ ತವರಿನ ಒಡವೆಗೂ ಈ ಪುಸ್ತಕದಲ್ಲಿ ಜಾಗವಿಲ್ಲ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನ ಮನೆಯವರೊಂದಿಗೆ ಜಂಟಿ ಆಸ್ತಿಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಈ ಗೆರೆಗಳನ್ನು ಮೊದಲೇ ಎಳೆದರೆ ಇಬ್ಬರು ಹೆಂಗಸರಿಗೂ ನೆಮ್ಮದಿ.

ಬರೆಯತೊಡಗಿದ ಮನೆಗಳು ಹೆಚ್ಚಾಗಿ ಎಡವುವುದು ಖರ್ಚಿನ ಅವಧಿಯಲ್ಲಿ. ತರಕಾರಿ ದಿನದ ಖರ್ಚು, ಅಕ್ಕಿ ತಿಂಗಳದು, ವಿಮೆ ಕಂತು ವರ್ಷದ್ದು. ಮೂರನ್ನೂ ಒಂದೇ ಪುಟಕ್ಕೆ ತುಂಬಿದರೆ ವಿಮೆ ಕಟ್ಟಿದ ತಿಂಗಳು ಮನೆ ಮುಳುಗಿದಂತೆ, ಮುಂದಿನ ತಿಂಗಳು ಸಿರಿ ಬಂದಂತೆ ಕಾಣುತ್ತದೆ. ಕೇಂದ್ರ ಸರ್ಕಾರದ ಕುಟುಂಬ ವೆಚ್ಚ ಸಮೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ. ತರಕಾರಿ, ಹಣ್ಣು, ಎಣ್ಣೆ, ಮಾಂಸದ ಖರ್ಚನ್ನು ಹಿಂದಿನ 7 ದಿನಕ್ಕೆ ಕೇಳುತ್ತಾರೆ, ಅಕ್ಕಿ ಬೇಳೆಯಂಥದ್ದನ್ನು 30 ದಿನಕ್ಕೆ, ಬಟ್ಟೆ, ಚಪ್ಪಲಿ, ಓದಿನ ಖರ್ಚನ್ನು 365 ದಿನಕ್ಕೆ. ಸಣ್ಣ ಖರ್ಚು ಬೇಗ ಮರೆತುಹೋಗುತ್ತದೆ, ದೊಡ್ಡದು ಅಪರೂಪಕ್ಕೆ ಬರುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ ವರ್ಷದ ಪಟ್ಟಿಯನ್ನು ಮಾವ ಬರೆದುಕೊಡಬಹುದು, ಅವರಿಗೇ ಅದು ಚೆನ್ನಾಗಿ ಗೊತ್ತು: ವಿಮೆ 24,000, ಊರಿನಿಂದ ಒಟ್ಟಿಗೆ ತರಿಸುವ ರಾಗಿ ಬೇಳೆ 18,000, ಹಬ್ಬದ ಬಟ್ಟೆ 16,000, ಗೌರಿ ಬಾಗಿನ ಮತ್ತು ಮದುವೆ ಮುಂಜಿಯ ಉಡುಗೊರೆ 8,000, ಮನೆ ಕಂದಾಯ 6,000. ಒಟ್ಟು 72,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 6,000. ಈ ಹಣ ಡಬ್ಬಿಗೆ ಬರದೆ ನೇರ ಬೇರೆ ಉಳಿತಾಯ ಖಾತೆಗೆ ಹೋಗಬೇಕು. ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ ಶೇ 5ರ ರಿಯಾಯಿತಿ ಪಡೆಯಲೂ ಆಗ ಕೈಯಲ್ಲಿ ದುಡ್ಡಿರುತ್ತದೆ.

ಉಳಿದ 26,000 ದಿನನಿತ್ಯಕ್ಕೆ. ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ತಾರೀಖು, ಏನು, ಎಷ್ಟು, ಯಾರ ಕೈಯಿಂದ: ನಾಲ್ಕೇ ಕಾಲಮ್ಮು. ಫೋನಿನ ಆ್ಯಪ್‌ನಿಂದ ಶುರು ಮಾಡಿದರೆ ಅದು ಸೊಸೆಯ ಲೆಕ್ಕವಾಗಿಬಿಡುತ್ತದೆ. ಪುಸ್ತಕ ಎಲ್ಲರ ಕೈಗೂ ಎಟುಕುತ್ತದೆ. ಯಾರಾದರೂ ಮನೆಗಾಗಿ ಸ್ವಂತ ಖಾತೆಯಿಂದ ಯುಪಿಐ ಮಾಡಿದರೆ ಅದನ್ನೂ ಬರೆದು, ಭಾನುವಾರ ಅಷ್ಟು ಹಣ ಡಬ್ಬಿಯಿಂದ ತೆಗೆದುಕೊಳ್ಳುವುದು.

ತಿಂಗಳ ಕೊನೆಗೆ ತಾಳೆ ನೋಡಬೇಕು. ಹಿಂದಿನ ಉಳಿಕೆ 1,800, ಸೇರಿದ್ದು 26,000, ಒಟ್ಟು 27,800 ಎಂದಿಟ್ಟುಕೊಳ್ಳಿ. ಬರೆದ ಖರ್ಚು 22,650. ಡಬ್ಬಿಯಲ್ಲಿ 5,150 ಇರಬೇಕು, ಎಣಿಸಿದರೆ 4,420 ಇದೆ. 730 ರೂಪಾಯಿ ಕಡಿಮೆ. ಯಾರೋ ಬರೆಯಲು ಮರೆತಿದ್ದಾರೆ. ಆಟೋ, ಹೂವು, ದೇವಸ್ಥಾನದ ತಟ್ಟೆ ಕಾಸು ಇಂಥವೇ ಹೆಚ್ಚು. ಪತ್ರದಲ್ಲಿ ಸೊಸೆ ಇದಕ್ಕೊಂದು ಮಾತು ಸೇರಿಸಿರಬೇಕು: “ಲೆಕ್ಕ ತಾಳೆಯಾಗದಿದ್ದರೆ ‘ಮರೆತದ್ದು’ ಎಂದು ಬರೆದು ಪುಟ ತಿರುಗಿಸೋಣ, ಯಾರು ಎಂದು ಕೇಳುವುದು ಬೇಡ.” ಈ ಒಂದು ಸಾಲಿಲ್ಲದೆ ಪುಸ್ತಕ ಎರಡನೇ ತಿಂಗಳು ದಾಟುವುದು ಕಷ್ಟ.

ಡಬ್ಬಿಯಲ್ಲಿ ಹಣ ಹೆಚ್ಚಿದ್ದರೆ ಕಾರಣ ಬೇರೆ. ಒಂದೇ ಖರ್ಚನ್ನು ಇಬ್ಬರು ಬರೆದಿರುತ್ತಾರೆ, ಇಲ್ಲವೇ ಫೋನಿನಲ್ಲಿ ಕಟ್ಟಿದವರು ತಮ್ಮ ಹಣ ವಾಪಸು ತೆಗೆದುಕೊಂಡಿರುವುದಿಲ್ಲ. ಹೀಗೆ ಸುಮ್ಮನಿರುವವರು ಹೆಚ್ಚಾಗಿ ಹೊಸ ಸೊಸೆಯರೇ. ಸಂಕೋಚಕ್ಕೆ ಬಿಟ್ಟುಕೊಟ್ಟ ಹಣ ಮುಂದೊಂದು ದಿನ ಅಸಮಾಧಾನವಾಗಿ ಹೊರಬರುತ್ತದೆ, ಆದ್ದರಿಂದ ನಾಲ್ಕನೇ ಕಾಲಮ್ಮನ್ನು ಗಂಡ ಕಣ್ಣಿಟ್ಟು ನೋಡುವುದು ಒಳ್ಳೆಯದು.

ಸೊಸೆಯ ಸಂಬಳವನ್ನೇ, ಎಟಿಎಂ ಕಾರ್ಡನ್ನೇ ಕಿತ್ತುಕೊಳ್ಳುವ ಮನೆಗೆ ಈ ಪತ್ರ ಪರಿಹಾರವಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಗುರುತಿಸುತ್ತದೆ. ಅಲ್ಲಿ ಹೋಗಬೇಕಾದದ್ದು ಸಂರಕ್ಷಣಾಧಿಕಾರಿಯ ಬಳಿಗೆ.

ಮೂರು ತಿಂಗಳಾದ ಮೇಲೆ ನಾಲ್ವರೂ ಕೂತು ಪಾಲು ಸರಿಯಿದೆಯೇ ನೋಡಬೇಕೆಂಬ ಕೋರಿಕೆಯೊಂದಿಗೆ ಪತ್ರ ಮುಗಿಯಬಹುದು. ಅಷ್ಟರೊಳಗೆ ನಾದಿನಿ ಮಕ್ಕಳೊಂದಿಗೆ ತವರಿಗೆ ಬಂದು ಹದಿನೈದು ದಿನ ಇದ್ದು ಹೋಗಿರುತ್ತಾಳೆ, ಆ ತಿಂಗಳ ಹಾಲು ತರಕಾರಿ ಏರಿರುತ್ತದೆ. ಆ ಖರ್ಚಿಗೆ ಬೇರೆ ಪುಟ ಮಾಡದೆ ಮನೆಯ ಖರ್ಚಿನಲ್ಲೇ ಬರೆಯುವುದು ಎಂದು ಸೊಸೆಯೇ ಪತ್ರದಲ್ಲಿ ಹೇಳಿಬಿಟ್ಟರೆ, ಅತ್ತೆ ಉಳಿದ ಮಾತುಗಳನ್ನು ಒಪ್ಪುವುದು ಸುಲಭವಾಗುತ್ತದೆ.