ಗದ್ದಲದ ಸಭೆಯಲ್ಲಿ ಅಧ್ಯಕ್ಷರ ಕೈಯ ಹಾಳೆ

ಸ್ಟುಡಿಯೋದಲ್ಲಿ ಚರ್ಚಾ ಕಾರ್ಯಕ್ರಮ ನಡೆಸುವಾಗ ನಮ್ಮ ಮುಂದೆ ಒಂದು ರನ್ ಶೀಟ್ ಇರುತ್ತದೆ. ಯಾವ ನಿಮಿಷದಲ್ಲಿ ಏನು ನಡೆಯಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ನಿಮ್ಮ ವಿದ್ಯಾರ್ಥಿ ಸಂಘದ ಸಭೆಗೆ ಅಧ್ಯಕ್ಷರಾಗುವ ದಿನ ನಿಮಗೂ ಅಂಥದೊಂದು ಹಾಳೆ ಬೇಕು. ಸಭೆ ಕಾವೇರಿದ ಮೇಲೆ ನಿಯಮವನ್ನು ನೆನಪಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಭೆ ಸಂಜೆ 4ರಿಂದ 5ರವರೆಗೆ. ಗೊತ್ತುವಳಿ ಹೀಗಿದೆ: “ವಾರ್ಷಿಕೋತ್ಸವಕ್ಕೆ ತೆಗೆದಿಟ್ಟ ಹಣದಲ್ಲಿ 30,000 ರೂಪಾಯಿಗಳನ್ನು ಗ್ರಂಥಾಲಯದ ಪುಸ್ತಕಗಳಿಗೆ ವೆಚ್ಚ ಮಾಡತಕ್ಕದ್ದು.” ಜಗಳಕ್ಕೆ ಇಷ್ಟು ಸಾಕು.

ಹಾಳೆಯನ್ನು ಕೊನೆಯಿಂದ ಹಿಂದಕ್ಕೆ ಬರೆಯಿರಿ. ಮತದಾನಕ್ಕೆ 10 ನಿಮಿಷ ಬೇಕು, ಆದ್ದರಿಂದ ಚರ್ಚೆ 4-50ಕ್ಕೆ ಮುಗಿಯಬೇಕು. ಅದಕ್ಕೆ ಮೊದಲು ಮಂಡಿಸಿದವರ ಉತ್ತರಕ್ಕೆ 3 ನಿಮಿಷ. ಆರಂಭದಲ್ಲಿ ಗೊತ್ತುವಳಿ ಓದಿ ಮಂಡಿಸುವುದಕ್ಕೆ 7 ನಿಮಿಷ. ಉಳಿಯುವುದು 40. ಅದರಲ್ಲಿ 10 ನಿಮಿಷವನ್ನು ಆಕ್ಷೇಪಗಳಿಗೂ ತಿದ್ದುಪಡಿ ಓದುವುದಕ್ಕೂ ಬದಿಗಿಡಿ. ಉಳಿದ 30 ನಿಮಿಷದಲ್ಲಿ ತಲಾ 3 ನಿಮಿಷದಂತೆ ಹತ್ತು ಜನ ಮಾತನಾಡಬಹುದು. ಹದಿನೈದು ಚೀಟಿ ಬಂದರೆ ತಲಾ 2 ನಿಮಿಷ. ಈ ಲೆಕ್ಕವನ್ನು ಮೊದಲ ಭಾಷಣಕ್ಕೆ ಮುಂಚೆಯೇ ಸಭೆಗೆ ತಿಳಿಸಿಬಿಡಿ. ನಡುವೆ ಸಮಯ ಕಡಿತ ಮಾಡಿದರೆ ಯಾರ ಸರದಿ ಬಂದಿದೆಯೋ ಅವರ ಕಡೆಯವರಿಗೆ ಅದು ಪಕ್ಷಪಾತವೆಂದೇ ಕಾಣುತ್ತದೆ. ಒಂದು ನಿಮಿಷ ಉಳಿದಾಗ ಒಂದು ಗಂಟೆ, ಮುಗಿದಾಗ ಎರಡು ಗಂಟೆ ಬಾರಿಸಲಿ. ಗಡಿಯಾರ ನೋಡುವ ಕೆಲಸ ಬೇರೊಬ್ಬರಿಗಿರಲಿ. ನಿಮ್ಮ ಕಣ್ಣು ಸಭೆಯ ಮೇಲಿರಬೇಕು. ಪರ ಒಬ್ಬರು, ವಿರೋಧ ಒಬ್ಬರು ಎಂದು ಸರದಿ ಕೊಡಿ.

4-25ಕ್ಕೆ ಹಿಂದಿನ ಸಾಲಿನಿಂದ ಯಾರೋ “ಕ್ರಿಯಾಲೋಪ!” ಎಂದು ಕೂಗುತ್ತಾರೆ. ಪಾಯಿಂಟ್ ಆಫ್ ಆರ್ಡರ್‌ಗೆ ನಮ್ಮ ವಿಧಾನ ಮಂಡಲದಲ್ಲಿ ಬಳಸುವ ಮಾತು ಇದು. ಈಗ ಮಾತನಾಡುತ್ತಿದ್ದವರನ್ನು ಕೂರಿಸಿ, ಅವರ ಗಡಿಯಾರವನ್ನು ನಿಲ್ಲಿಸಿ. ಎದ್ದವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: “ಈಗ ಯಾವ ನಿಯಮ ಮುರಿದಿದೆ?” “ಆತ ಹೇಳಿದ ಪುಸ್ತಕದ ಲೆಕ್ಕ ತಪ್ಪು” ಎಂದರೆ ಅದು ಕ್ರಿಯಾಲೋಪವಲ್ಲ, ವಾದ. ತಮ್ಮ ಸರದಿಯಲ್ಲಿ ಹೇಳಲಿ. “ಒಬ್ಬರಿಗೆ ಒಂದೇ ಭಾಷಣ ಎಂದಿದ್ದೀರಿ, ಇವರು ಎರಡನೆಯ ಬಾರಿ ಮಾತನಾಡುತ್ತಿದ್ದಾರೆ” ಎಂದರೆ ಅದು ನಿಜವಾದ ಕ್ರಿಯಾಲೋಪ. ಲೋಕಸಭೆಯ 376ನೇ ನಿಯಮವೂ ಇದನ್ನೇ ಹೇಳುತ್ತದೆ: ಆಕ್ಷೇಪವು ನಿಯಮದ ಅರ್ಥ ಅಥವಾ ಪಾಲನೆಗೆ ಸಂಬಂಧಿಸಿರಬೇಕು, ಆ ಕ್ಷಣದ ಕಲಾಪದ ಬಗ್ಗೆ ಇರಬೇಕು, ಮಾಹಿತಿ ಕೇಳುವುದಕ್ಕೆ ಅದನ್ನು ಬಳಸುವಂತಿಲ್ಲ. ನಿಮ್ಮ ತೀರ್ಪನ್ನು ಒಂದೇ ವಾಕ್ಯದಲ್ಲಿ ಕೊಡಿ. ಕಾರಣ ವಿವರಿಸುತ್ತಾ ಹೋದರೆ ಅದರ ಮೇಲೇ ಹೊಸ ಚರ್ಚೆ ಹುಟ್ಟುತ್ತದೆ. ಒಬ್ಬರೇ ಮೂರನೆಯ ಸಲವೂ ಹುಸಿ ಆಕ್ಷೇಪ ಎತ್ತಿದರೆ ಅದು ಎದುರಾಳಿಯ ಮಾತು ಕೆಡಿಸುವ ತಂತ್ರವೆಂದು ತಿಳಿಯಿರಿ. ಗಡಿಯಾರ ನಿಲ್ಲಿಸಿದ್ದರೆ ಆ ತಂತ್ರದಿಂದ ಅವರಿಗೆ ಲಾಭವಿಲ್ಲ.

ತಿದ್ದುಪಡಿಯನ್ನು ಬರೆದುಕೊಟ್ಟರೆ ಮಾತ್ರ ಸ್ವೀಕರಿಸಿ. ನಮ್ಮ ಸಭೆಗೆ ಮೂರು ಚೀಟಿ ಬಂದಿವೆ. ಮೊದಲನೆಯದು “30,000 ಬದಲು 15,000”. ಇದು ಸರಿ. ಎರಡನೆಯದು “ಮಾಡತಕ್ಕದ್ದು ಎಂಬುದರ ಬದಲು ಮಾಡಬಾರದು”. ಇದು ತಿದ್ದುಪಡಿಯೇ ಅಲ್ಲ. ಬೇಡವೆನ್ನುವವರು ಗೊತ್ತುವಳಿಯ ವಿರುದ್ಧ ಮತ ಹಾಕಿದರೆ ಸಾಕು. ಮೂರನೆಯದು ಹಾಸ್ಟೆಲಿನ ನೀರಿನ ಪಂಪು ಕೊಳ್ಳುವ ಸಲಹೆ. ಪಂಪು ಬೇಕೇ ಇರಬಹುದು, ಆದರೆ ಈ ಗೊತ್ತುವಳಿಯ ವ್ಯಾಪ್ತಿಗೆ ಅದು ಸೇರದು. ಅಷ್ಟರಲ್ಲಿ ಮತ್ತೊಬ್ಬರು, “15,000 ಎಂಬುದನ್ನು 20,000 ಮಾಡಿ” ಎಂದು ತಿದ್ದುಪಡಿಗೇ ತಿದ್ದುಪಡಿ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳಿ, ಅದಕ್ಕೂ ಮತ್ತೊಂದು ತಿದ್ದುಪಡಿ ಬಂದರೆ ಬೇಡವೆನ್ನಿ. ಮೂರು ಅಂತಸ್ತಾದರೆ ಯಾವುದಕ್ಕೆ ಕೈಯೆತ್ತುತ್ತಿದ್ದೇವೆಂದು ಯಾರಿಗೂ ತಿಳಿಯುವುದಿಲ್ಲ.

ಮತಕ್ಕೆ ಹಾಕುವಾಗ ಕೊನೆಗೆ ಬಂದದ್ದು ಮೊದಲು. 15,000ದ ಬದಲು 20,000 ಆಗಬೇಕೇ? ಪರ 38, ವಿರೋಧ 41, ಬಿದ್ದುಹೋಯಿತು. 30,000ದ ಬದಲು 15,000 ಆಗಬೇಕೇ? ಪರ 52, ವಿರೋಧ 27, ಅಂಗೀಕಾರವಾಯಿತು. ಚಪ್ಪಾಳೆ ಬೀಳುತ್ತದೆ, ಜನ ಏಳತೊಡಗುತ್ತಾರೆ. ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಇದುವರೆಗೆ ಸಭೆ ಮೊತ್ತವನ್ನು ಬದಲಿಸಿದೆಯೇ ಹೊರತು ಹಣ ಕೊಡಲು ಒಪ್ಪಿಲ್ಲ. 15,000 ಎಂದು ತಿದ್ದಿದ ಗೊತ್ತುವಳಿಯನ್ನು ಪೂರ್ತಿ ಓದಿ ಮತ್ತೆ ಮತಕ್ಕೆ ಹಾಕಬೇಕು. 52 ಜನರಲ್ಲಿ ಕೆಲವರು, ಕೊಡುವುದೇ ಬೇಡ, ಕೊಡಲೇಬೇಕಾದರೆ ಕಡಿಮೆ ಇರಲಿ ಎಂದುಕೊಂಡವರು. ಅವರು ಈಗ ಆ ಕಡೆಗೆ ಹೋಗುತ್ತಾರೆ. ಫಲಿತಾಂಶ: ಪರ 46, ವಿರೋಧ 33.

ಸಮಮತ ಬಂದರೆ? ಸಂವಿಧಾನದ 100ನೇ ವಿಧಿಯ ಪ್ರಕಾರ ಲೋಕಸಭೆಯ ಅಧ್ಯಕ್ಷರು ಮೊದಲು ಮತ ಹಾಕುವುದಿಲ್ಲ. ಸಮವಾದಾಗ ಮಾತ್ರ ನಿರ್ಣಾಯಕ ಮತ ಕೊಡುತ್ತಾರೆ. ನಿಮಗೆ ಆ ಹಕ್ಕು ಉಂಟೇ ಎಂಬುದನ್ನು ಸಂಘದ ಬೈಲಾದಲ್ಲಿ ಹಿಂದಿನ ದಿನವೇ ನೋಡಿ, ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಳ್ಳಿ.