ಐದನೇ ತಿಂಗಳ ಆರೋ, ಆರನೇ ತಿಂಗಳ ಐದೋ?

2025ರ ಏಪ್ರಿಲ್‌ನಲ್ಲಿ ಬಸವೇಶ್ವರನಗರದ ನನ್ನ ಗೆಳೆಯನಿಗೆ ಅಮೆರಿಕದ ಕಂಪನಿಯೊಂದರಿಂದ ಮೇಲ್ ಬಂತು. ಆರು ತಿಂಗಳ ಹುಡುಕಾಟದಲ್ಲಿ ಸಂದರ್ಶನದವರೆಗೆ ಹೋಗಿದ್ದು ಅದೇ ಮೊದಲು. ಮೇಲ್‌ನ ನಡುವೆ ಇದ್ದದ್ದು ಇಷ್ಟು:

```
Interview: 05/06/2025, 3:00 PM ET
```

ಅವನು ಜೂನ್ 5 ಎಂದು ಓದಿಕೊಂಡ. ತಯಾರಿಗೆ ಒಂದು ತಿಂಗಳಿದೆ ಎಂದು ಖುಷಿಪಟ್ಟ. ಮೇ 7ರ ಬೆಳಿಗ್ಗೆ ‘ನೀವು ಹಾಜರಾಗಲಿಲ್ಲ’ ಎಂಬ ಇನ್ನೊಂದು ಮೇಲ್ ಬಂದಿತ್ತು. ನನಗೆ ಫೋನ್ ಮಾಡಿ, ‘ಮಗಾ, ಇದು ಜೂನ್‌ನಲ್ಲಿ ಅಲ್ವಾ?’ ಎಂದ. ಮತ್ತೊಂದು ಅವಕಾಶ ಕೇಳಿ ಬರೆದ, ಉತ್ತರ ಬರಲಿಲ್ಲ.

ಅವನು ಓದಿದ ರೀತಿಯಲ್ಲಿ ತಪ್ಪು ಹುಡುಕುವುದು ಕಷ್ಟ. ಶಾಲೆಯ ನೋಟ್‌ಬುಕ್‌ನಿಂದ ಆಧಾರ್ ಕಾರ್ಡ್‌ವರೆಗೆ ನಾವು ದಿನವನ್ನೇ ಮೊದಲು ಬರೆಯುತ್ತೇವೆ. ಅಮೆರಿಕದಲ್ಲಿ ತಿಂಗಳು ಮೊದಲು. ದಿನದ ಸಂಖ್ಯೆ 12 ದಾಟಿದರೆ ಗೊಂದಲವಿಲ್ಲ, ಈ ಕ್ಯಾಲೆಂಡರ್‌ನಲ್ಲಿ ಹದಿಮೂರನೇ ತಿಂಗಳು ಇಲ್ಲವಲ್ಲ! ಆದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ, ದಿನವೂ ತಿಂಗಳೂ ಒಂದೇ ಸಂಖ್ಯೆಯಾಗಿರುವ ಒಂದು ದಿನ ಬಿಟ್ಟರೆ, ಉಳಿದ ಹನ್ನೊಂದನ್ನು ಎರಡು ರೀತಿ ಓದಬಹುದು. ವರ್ಷಕ್ಕೆ 132 ದಿನ.

ಅಮೆರಿಕದ ಗ್ರಾಹಕರಿಗೆ ಕೆಲಸ ಮಾಡುವ ಕಚೇರಿಯಲ್ಲಿ ಶಿಫ್ಟ್ ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಇಂಥ ಮೇಲ್ ಬಂದಾಗ ನಾನು ಮೊದಲು ಅದರಲ್ಲೇ ಬೇರೆ ದಿನಾಂಕ ಇದೆಯೇ ಎಂದು ಹುಡುಕುತ್ತೇನೆ. ಗೆಳೆಯನ ಮೇಲ್‌ನ ಕೊನೆಯಲ್ಲಿ, ಒಪ್ಪಿಗೆ ತಿಳಿಸಲು ಕಡೆಯ ದಿನ `04/28/2025` ಎಂದಿತ್ತು. 28 ತಿಂಗಳಾಗಲು ಸಾಧ್ಯವಿಲ್ಲ. ಹಾಗಾದರೆ ಬರೆದವರು ತಿಂಗಳನ್ನು ಮೊದಲು ಬರೆಯುವವರು, ಸಂದರ್ಶನ ಮೇ 6ಕ್ಕೆ.

ಇಷ್ಟು ಗೊತ್ತಾದರೂ ಅರ್ಧ ಕೆಲಸವೇ ಮುಗಿದಂತೆ. `ET` ಎಂದರೆ ನ್ಯೂಯಾರ್ಕ್ ಕಡೆಯ ಸಮಯ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ. ಆ ತಿಂಗಳುಗಳಲ್ಲಿ ನಾವು ಅವರಿಗಿಂತ ಒಂಬತ್ತೂವರೆ ಗಂಟೆ ಮುಂದೆ, ಉಳಿದ ಕಾಲದಲ್ಲಿ ಹತ್ತೂವರೆ. ಅಲ್ಲಿ ಮೇ 6, ಮಂಗಳವಾರ ಮಧ್ಯಾಹ್ನ 3ಕ್ಕೆ ಒಂಬತ್ತೂವರೆ ಕೂಡಿಸಿದರೆ ಇಲ್ಲಿ ರಾತ್ರಿ ಹನ್ನೆರಡೂವರೆ. ದಿನಾಂಕ ಮೇ 7, ಬುಧವಾರ.

ಈ ‘ರಾತ್ರಿ ಹನ್ನೆರಡೂವರೆ’ಯೇ ಎರಡನೇ ಗುಂಡಿ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ನಮ್ಮಜ್ಜಿಗೆ ಮಂಗಳವಾರ ಮಲಗಿ ಏಳುವವರೆಗೂ ಮಂಗಳವಾರವೇ, ನಮ್ಮ ಮಾತಿನಲ್ಲೂ ಹಾಗೆಯೇ. ಗಡಿಯಾರ ಮಾತ್ರ ಹನ್ನೆರಡಕ್ಕೇ ದಿನ ಬದಲಿಸಿಬಿಡುತ್ತದೆ. ‘ಮೇ 7, 12:30 ಎ.ಎಂ.’ ಎಂದು ಓದಿ ಬುಧವಾರ ರಾತ್ರಿ ಊಟ ಮುಗಿಸಿ ಕಾದು ಕೂತರೆ ಇಪ್ಪತ್ತನಾಲ್ಕು ಗಂಟೆ ತಡ. ಕೆಲವರಿಗೆ ಅದು ಮಧ್ಯಾಹ್ನ ಹನ್ನೆರಡೂವರೆಯಂತೆಯೂ ಕಾಣುತ್ತದೆ. ಆದರೆ ಮಧ್ಯಾಹ್ನದ್ದು 12:30 ಪಿ.ಎಂ. ಇದನ್ನೇ 00:30 ಎಂದು ಬರೆದಿದ್ದರೆ, ದಿನ ಶುರುವಾಗಿ ಅರ್ಧ ಗಂಟೆಯಷ್ಟೇ ಆಗಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು.

ಆಮಂತ್ರಣದ ಜೊತೆ ಹೆಚ್ಚಾಗಿ `invite.ics` ಎಂಬ ಚಿಕ್ಕ ಫೈಲ್ ಬರುತ್ತದೆ. ಗೆಳೆಯನಿಗೂ ಬಂದಿತ್ತು, ಅವನು ತೆರೆದಿರಲಿಲ್ಲ. ಫೋನ್‌ನ ಕ್ಯಾಲೆಂಡರ್‌ನಲ್ಲಿ ತೆರೆದರೆ ಅದು ತಾನೇ ನಮ್ಮ ಸಮಯಕ್ಕೆ ಬದಲಾಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಹೀಗೊಂದು ಸಾಲು ಇತ್ತು:

```
DTSTART:20250506T190000Z
```

ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. `T` ನಂತರದ್ದು 24 ಗಂಟೆಯ ಲೆಕ್ಕದ ಸಮಯ. ಕೊನೆಯ `Z` ಎಂದರೆ ಯುಟಿಸಿ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. 19:00ಕ್ಕೆ ಕೂಡಿಸಿ ನೋಡಿ, ಅದೇ ನಡುರಾತ್ರಿ ಹನ್ನೆರಡೂವರೆ ಬರುತ್ತದೆ. ಕೆಲವು ಫೈಲ್‌ಗಳಲ್ಲಿ `Z` ಇರುವುದಿಲ್ಲ, ಸಾಲಿನ ನಡುವೆ `TZID=America/New_York` ಎಂದಿರುತ್ತದೆ. ಆಗ ಅಲ್ಲಿರುವುದು ನ್ಯೂಯಾರ್ಕ್ ಸಮಯ, ಐದೂವರೆ ಕೂಡಿಸಬಾರದು.

ಫೈಲೂ ಇಲ್ಲ, ಬೇರೆ ದಿನಾಂಕವೂ ಇಲ್ಲ ಎಂದಾದರೆ ಕೇಳುವುದೊಂದೇ ದಾರಿ. ‘ದಿನಾಂಕ ಯಾವುದು?’ ಎಂದು ಕೇಳಿದರೆ ಅದೇ ಅಂಕಿಗಳು ಮರಳಿ ಬರಬಹುದು. ನಾನು ತಿಂಗಳನ್ನು ಅಕ್ಷರದಲ್ಲಿ ಬರೆದು, ವಾರ ಸೇರಿಸಿ, ಎರಡೂ ಊರಿನ ಸಮಯ ಹಾಕಿ ಸರಿಯೇ ಎಂದು ಕೇಳುತ್ತೇನೆ:

```
Tuesday, 6 May 2025, 15:00 New York
Wednesday, 7 May 2025, 00:30 Bengaluru
```

ವಾರ ಬರೆಯುವುದು ಚಿಕ್ಕ ವಿಷಯವಲ್ಲ. ಆ ವರ್ಷ ಮೇ 6 ಮಂಗಳವಾರ, ಜೂನ್ 5 ಗುರುವಾರ. ಓದಿದ್ದು ತಪ್ಪಾಗಿದ್ದರೆ ಆ ಕಡೆಯವರಿಗೆ ತಕ್ಷಣ ಎದ್ದು ಕಾಣುತ್ತದೆ.

ಓದಲು ವಿದೇಶಕ್ಕೆ ಹೊರಟವರು ವಿಮಾನದ ಟಿಕೆಟನ್ನೂ ಹೀಗೇ ನೋಡಬೇಕು. ಬೆಂಗಳೂರಿನಿಂದ ವಿದೇಶಕ್ಕೆ ಹೋಗುವ ಹಲವು ವಿಮಾನಗಳು ನಡುರಾತ್ರಿಯ ನಂತರ ಹೊರಡುತ್ತವೆ. ಟಿಕೆಟ್‌ನಲ್ಲಿ ಆಗಸ್ಟ್ 20, 00:55 ಎಂದಿದ್ದರೆ ಕೆಂಗೇರಿಯಿಂದ ಸೂಟ್‌ಕೇಸ್ ಹಿಡಿದು ಹೊರಡಬೇಕಾದದ್ದು 19ರ ಸಂಜೆ. ಬೀಳ್ಕೊಡಲು ಬರುವ ನೆಂಟರಿಗೂ 19 ಎಂದೇ ಹೇಳಿ.