ಹಳೆ ಪುಸ್ತಕಕ್ಕೆ ಎಷ್ಟು ಬೆಲೆ ಕಟ್ಟಬೇಕು?

ಪ್ರಶ್ನೆ: ಓದಿ ಮುಗಿಸಿದ ಪಠ್ಯಪುಸ್ತಕ, ಕಾದಂಬರಿಗಳನ್ನು ಆನ್‌ಲೈನಿನಲ್ಲಿ ಮಾರುವಾಗ ನಷ್ಟವಾಗದಂತೆ ಬೆಲೆ ನಿಗದಿ ಮಾಡುವುದು ಹೇಗೆ?

ಉತ್ತರ: ಹೆಚ್ಚಿನವರು ರಕ್ಷಾಪುಟದಲ್ಲಿ ಅಚ್ಚಾದ ಬೆಲೆಯ ಅರ್ಧ ಹಾಕಿಬಿಡುತ್ತಾರೆ. ಕೊಳ್ಳುವವರು ನೋಡುವುದು ಅದನ್ನಲ್ಲ, ಅದೇ ಪುಸ್ತಕದ ಹೊಸ ಪ್ರತಿ ರಿಯಾಯಿತಿ ಕಳೆದು ಇಂದು ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು.

ಒಂದು ಲೆಕ್ಕ ನೋಡಿ. ಎಂಜಿನಿಯರಿಂಗ್ ಪುಸ್ತಕವೊಂದರ ಮುದ್ರಿತ ಬೆಲೆ 800 ರೂಪಾಯಿ, ಹೊಸದು ಆನ್‌ಲೈನಿನಲ್ಲಿ 560ಕ್ಕೆ ಮನೆಗೇ ಬರುತ್ತದೆ ಎಂದಿಟ್ಟುಕೊಳ್ಳಿ. ಹಳೆಯದಕ್ಕೆ 400 ಹೇಳಿ, ಮೇಲೆ 80 ಅಂಚೆ ವೆಚ್ಚ ಕೇಳಿದರೆ ಉಳಿತಾಯ ಬರೀ 80. ಅಷ್ಟಕ್ಕಾಗಿ ಗೀಚಿದ ಪ್ರತಿಯನ್ನು ಯಾರೂ ಕೊಳ್ಳುವುದಿಲ್ಲ. ಅಂಚೆ ಸೇರಿ 380 ಎಂದರೆ ಮಾರಿಹೋಗುವ ಸಾಧ್ಯತೆ ಹೆಚ್ಚು, ಮಾರುವವರ ಕೈಗೆ 300 ಉಳಿಯುತ್ತದೆ.

ಪಠ್ಯಪುಸ್ತಕಕ್ಕೆ ಕಾಲವೂ ಮುಖ್ಯ. ವಿಟಿಯು ಹೊಸ ಸ್ಕೀಮ್ ತಂದು ಪಠ್ಯ ಬದಲಾದರೆ ಹಳೆಯದಕ್ಕೆ ಬೇಡಿಕೆ ಕುಸಿಯುತ್ತದೆ. ಹಾಗಾಗಿ ಸೆಮಿಸ್ಟರ್ ಶುರುವಾಗುವ ಹೊತ್ತಿಗೇ ಪಟ್ಟಿಗೆ ಹಾಕಬೇಕು. ಆವೃತ್ತಿಯ ಸಂಖ್ಯೆ ಇರುವ ಪುಟದ ಫೋಟೊ ಜೊತೆಗಿರಲಿ.

ಕಾದಂಬರಿಯ ಲೆಕ್ಕ ಬೇರೆ. ಭೈರಪ್ಪನವರ ‘ಪರ್ವ’ ಮತ್ತೆ ಮತ್ತೆ ಮರುಮುದ್ರಣ ಕಂಡ ಕೃತಿ, ಅದರ ಸಾಮಾನ್ಯ ಪ್ರತಿಗೆ ಹೊಸದರ ಬೆಲೆಯೇ ಮಿತಿ. ಅಂಗಡಿಗಳಲ್ಲಿ ಎಲ್ಲೂ ಸಿಗದ ಪುಸ್ತಕವನ್ನು ಮಾತ್ರ ಅವಸರದಲ್ಲಿ ಬಿಟ್ಟುಕೊಡಬಾರದು. ಮೊದಲು ಹೆಚ್ಚು ಹೇಳಿ, ತಿಂಗಳು ಕಾದು, ನಿಧಾನವಾಗಿ ಇಳಿಸಬಹುದು. ತೆಳು ಕಾದಂಬರಿಗಳಲ್ಲಿ ಅಂಚೆಯೇ ಲಾಭ ನುಂಗುವುದರಿಂದ ಒಬ್ಬನೇ ಲೇಖಕನ ನಾಲ್ಕೈದನ್ನು ಕಟ್ಟಾಗಿ ಮಾರುವುದೇ ಲೇಸು.